ಶಿಲ್ಪಶ್ರೀಗೆ ಬಾರದ ಪತ್ರ

ಇಪ್ಪತ್ತಕ್ಕೆ ಹದಿನೆಂಟು ಅಂಕ ಪಡೆದವಳು ಒಂಬತ್ತು ಪಡೆದವಳನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಮ್ಮ ಶಿಲ್ಪಶ್ರೀ ಪಟ್ಟಳು. ಅದೂ ಅಂತಿಂಥ ಹೊಟ್ಟೆಕಿಚ್ಚಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿದ್ದ ಚಿತ್ರಾನ್ನ ಗಂಟಲಲ್ಲಿ ಇಳಿಯಲಿಲ್ಲ, ಸಂಜೆ ಮನೆಗೆ ಹೋದ ಮೇಲೆ ಅಮ್ಮ ಕೊಟ್ಟ ಕಾಫಿಯೂ ರುಚಿಸಲಿಲ್ಲ.

ಆದದ್ದು ಇಷ್ಟು. ಮೊದಲ ವರ್ಷದ ಬಿ.ಎ. ಮಕ್ಕಳಿಗೆ ಕನ್ನಡದ ಪ್ರೇಮಲೀಲಾ ಮೇಡಂ ಇಂಟರ್ನಲ್ ಅಂಕಕ್ಕೆಂದು ಒಂದು ಪ್ರಬಂಧ ಬರೆಸಿದ್ದರು. ‘ನನ್ನ ಸುತ್ತಲಿನ ಒಂದು ಬದಲಾವಣೆ’ ಎಂಬುದು ವಿಷಯ. ಶಿಲ್ಪಶ್ರೀಯ ತಂದೆ ಬಸವರಾಜು ಸಂತೆಪೇಟೆಯಲ್ಲಿ ವಿಭೂತಿ, ಕರ್ಪೂರ, ಊದುಬತ್ತಿಯ ಅಂಗಡಿ ಇಟ್ಟವರು. ಆಕೆ ಅಂಗಡಿಗಳಲ್ಲಿ ಮೊಬೈಲಿನಿಂದ ಹಣ ಕೊಡುವ ಪದ್ಧತಿಯ ಬಗ್ಗೆ ಬರೆದಳು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹೈಸ್ಕೂಲಿನಲ್ಲಿ ಕಲಿಸಿದ ಮೂರು ಮೆಟ್ಟಿಲನ್ನೂ ಹತ್ತಿ ಇಳಿದಳು. ಪತ್ರಿಕೆಗಳಿಂದ ಅಂಕಿಅಂಶ ಹೆಕ್ಕಿ, ಯಾವ ದಿನದ ಪತ್ರಿಕೆ ಎಂಬುದನ್ನೂ ನಮೂದಿಸಿದಳು. ಕೊನೆಗೆ ‘ಒಟ್ಟಿನಲ್ಲಿ ಈ ಬದಲಾವಣೆಯಲ್ಲಿ ಒಳಿತೂ ಇದೆ, ಕೆಡುಕೂ ಇದೆ’ ಎಂದು ಗೆರೆ ಎಳೆದಳು. ಹದಿನೆಂಟು ಬಂತು. ಅಂಕದ ಪಕ್ಕದಲ್ಲಿ ಮೇಡಂ ಒಂದೇ ಪದ ಬರೆದಿದ್ದರು: ‘ಚೆನ್ನಾಗಿದೆ.’

ಅವಳ ಪಕ್ಕದಲ್ಲಿ ಕೂರುವ ಸಂಘಮಿತ್ರ ಬೋಗಾದಿಯವಳು. ಈಗಿನ ಬಡಾವಣೆಗಳ ಬೋಗಾದಿಯಲ್ಲ, ಅವುಗಳ ನಡುವೆ ಸಿಕ್ಕಿಕೊಂಡಿರುವ ಹಳೇ ಊರು. ಅಮ್ಮ ಸಾಕಮ್ಮ ಹೆಬ್ಬಾಳದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ, ಮನೆಯಲ್ಲಿ ತಾತ ಮೂಗಯ್ಯ ಇದ್ದಾರೆ. ಸಂಘಮಿತ್ರ ತನ್ನೂರು ಹಾಳಾಯಿತೆಂದು ಉಸಿರು ಬಿಡದೆ ನಾಲ್ಕು ಪುಟ ಬರೆದಿದ್ದಳು. ಸಾಲಿಗೊಂದು ‘ನನ್ನ ಪ್ರಕಾರ’. ಅಂಕಿಯಿಲ್ಲ, ಅಂಶವಿಲ್ಲ. ಒಂಬತ್ತು ಬಂತು. ಅದರ ಜೊತೆಗೆ ಉತ್ತರ ಪತ್ರಿಕೆಯೊಳಗೆ ಮಡಿಚಿಟ್ಟ ಕಾಗದವೂ ಬಂತು.

ಪ್ರೇಮಲೀಲಾ ಮೇಡಂ ಕಾಗದದ ಸುದ್ದಿ ಕಾಲೇಜಿಗೆಲ್ಲ ಗೊತ್ತು. ಅವರು ಎಲ್ಲರಿಗೂ ಬರೆಯುವವರಲ್ಲ. ವರ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ, ಮುಗಿದ ಪರೀಕ್ಷೆಯ ಉಳಿದ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ, ನೀಲಿ ಶಾಯಿಯ ಪೆನ್ನಿನಲ್ಲಿ, ದುಂಡಗೆ ಬರೆಯುತ್ತಾರೆ. ಹಿರಿಯ ವಿದ್ಯಾರ್ಥಿನಿಯೊಬ್ಬಳು ಅಂಥ ಕಾಗದವನ್ನು ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಾಳೆಂದು ಶಿಲ್ಪಶ್ರೀ ಸೇರಿದ ವಾರವೇ ಕೇಳಿದ್ದಳು. ಅಂದೇ ತೀರ್ಮಾನಿಸಿದ್ದಳು, ಈ ವರ್ಷದ ಕಾಗದ ತನ್ನದೆಂದು. ಒಂದನೇ ತರಗತಿಯಿಂದ ಮೊದಲನೆಯವಳಾಗಿ ಬಂದವಳು ಇನ್ನೇನು ತಾನೆ ಅಂದುಕೊಂಡಾಳು? ಎಲೆ ಹಾಸಿ ಕೂತವಳನ್ನು ಬಿಟ್ಟು ಪಕ್ಕದವಳಿಗೆ ಹೋಳಿಗೆ ಬಡಿಸಿದಂತಾಯಿತು.

ಇತ್ತ ಹೋಳಿಗೆ ಬಿದ್ದವಳು ಕಾರಿಡಾರಿನ ಕಂಬಕ್ಕೆ ಒರಗಿ ಅಳುತ್ತಿದ್ದಳು. ಸಂಘಮಿತ್ರಳಿಗೆ ಆ ಕಾಗದದಲ್ಲಿ ಕಂಡದ್ದು ಒಂಬತ್ತು ಎನ್ನುವ ಅಂಕೆಯ ಉದ್ದನೆಯ ವಿವರಣೆ ಅಷ್ಟೆ. ಶಿಲ್ಪಶ್ರೀ ಭುಜದ ಮೇಲೆ ಕೈಯಿಟ್ಟು ಸಮಾಧಾನ ಮಾಡುವವಳಂತೆ ಕಾಗದ ಇಸಿದುಕೊಂಡಳು.

‘ಸಂಘಮಿತ್ರಾ,’ ಎಂದು ಶುರುವಾಗಿತ್ತು. ‘ಒಂಬತ್ತು ಯಾಕೆ ಕೊಟ್ಟೆನೆಂದು ತಿಳಿಯುವ ಹಕ್ಕು ನಿನಗಿದೆ. ಬಡಾವಣೆಗಳು ಬಂದು ನಿನ್ನ ಊರು ಹಾಳಾಯಿತು ಎಂದಿದ್ದೀಯ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ನಿಜವೋ ಸುಳ್ಳೋ ತೂಗಿ ನೋಡಲು ನೀನು ನನ್ನ ಕೈಗೆ ಏನೂ ಕೊಟ್ಟಿಲ್ಲ. ನಿನ್ನನ್ನು ಬಲ್ಲವರು ನಿನ್ನ ಮುಖ ನೋಡಿ ನಂಬುತ್ತಾರೆ. ಪ್ರಬಂಧ ಓದುವವರಿಗೆ ನಿನ್ನ ಮುಖ ಕಾಣುವುದಿಲ್ಲ. ಅವರಿಗೆ ಕಾಣುವುದು ನಿನ್ನ ಸಿಟ್ಟು ಮಾತ್ರ. ಸಿಟ್ಟಿಗೆ ಕಾರಣವೇನೆಂದು ಅವರು ಕೇಳಿಯೇ ಕೇಳುತ್ತಾರೆ.

‘ಹಾಳಾದದ್ದು ಏನು? ಅದರಲ್ಲಿ ನೀನೇ ಕಂಡದ್ದು ಯಾವುದು, ಇನ್ನೊಬ್ಬರು ಹೇಳಿದ್ದು ಯಾವುದು? ಹೇಳಿದವರು ಯಾರು, ಅವರಿಗೆ ಅದು ಗೊತ್ತಾದದ್ದು ಹೇಗೆ? ನಿಮ್ಮ ಮನೆಯಲ್ಲಿ ಆದದ್ದು ಇಡೀ ಊರಿಗೆ ಆಗಿದೆ ಎಂದು ಹೇಗೆ ಹೇಳುವೆ? ಹಾಗೆಂದು ಆಧಾರಗಳನ್ನು ತಂದು ಗುಡ್ಡೆ ಹಾಕಿದರೂ ಸಾಲದು. ಆ ಆಧಾರದಿಂದ ಈ ತೀರ್ಮಾನಕ್ಕೆ ಹೇಗೆ ಬಂದೆ ಎಂಬ ದಾರಿಯನ್ನು ನೀನೇ ತೋರಿಸಬೇಕು. ಬಡಾವಣೆ ಬಂದ ಮೇಲೆ ಬಾವಿ ಬತ್ತಿತು ಅಂತ ಬರೆದಿದ್ದೀಯ. ಆಮೇಲೆ ಬತ್ತಿತು ಅಂದಮಾತ್ರಕ್ಕೆ ಅದರಿಂದಲೇ ಬತ್ತಿತು ಎಂದಾಗುವುದಿಲ್ಲ. ಬೇರೆ ಕಾರಣ ಇರಬಹುದೇ ಎಂದು ನಿನ್ನನ್ನೇ ಕೇಳಿಕೋ. ಜಮೀನು ಮಾರಿ ಮನೆ ಕಟ್ಟಿಸಿ ನೆಮ್ಮದಿಯಾಗಿರುವವರೂ ನಿಮ್ಮೂರಲ್ಲಿ ಇರಬೇಕಲ್ಲ, ಅವರನ್ನು ಎದುರಿಗೆ ಕೂರಿಸಿಕೊಂಡು ಬರೆ. ಅವರ ಮಾತನ್ನು ಮುಚ್ಚಿಡಬೇಡ, ಉತ್ತರ ಕೊಡು. ಉತ್ತರ ಸಿಗದಿದ್ದರೆ ನಿನ್ನ ಅಭಿಪ್ರಾಯವನ್ನು ಅಷ್ಟರಮಟ್ಟಿಗೆ ತಿದ್ದಿಕೋ. ಅದರಲ್ಲಿ ಅವಮಾನವಿಲ್ಲ.’

ಕೊನೆಯ ಹಾಳೆಯಲ್ಲಿ ಹೀಗಿತ್ತು: ‘ನಿನ್ನ ಅಭಿಪ್ರಾಯ ಬಿಟ್ಟುಬಿಡು ಎಂದು ಇದನ್ನೆಲ್ಲ ಬರೆಯುತ್ತಿಲ್ಲ. ಅಭಿಪ್ರಾಯವೇ ಇಲ್ಲದಿದ್ದರೆ ಪ್ರಬಂಧವೇ ಇಲ್ಲ. ನಿನ್ನದು ಎದ್ದು ನಿಲ್ಲಬೇಕೆಂಬ ಆಸೆಯಿಂದ ಬರೆದೆ. ಶನಿವಾರದೊಳಗೆ ತಿದ್ದಿ ತಾ, ಮತ್ತೆ ನೋಡಿ ಅಂಕ ಹಾಕುತ್ತೇನೆ. ಏನಾದರೂ ತಿಳಿಯದಿದ್ದರೆ ಸ್ಟಾಫ್ ರೂಮಿಗೆ ಬಾ, ಇರುತ್ತೇನೆ.’ ಕೆಳಗೆ ಸಹಿ. ಆ ನೀಲಿ ಸಹಿಯನ್ನು ನೋಡಿ ಶಿಲ್ಪಶ್ರೀಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮೂರು ಹಾಳೆ. ತನಗೆ ಒಂದು ಪದ. ಆಸೆಯಿಂದ ಬರೆದೆ ಅಂತೆ!

ಆಗ ಅವಳ ಬಾಯಿಂದ ಬಂದ ಮಾತು ಬೆಣ್ಣೆಯಷ್ಟು ಮೆತ್ತಗಿತ್ತು.

“ಮೇಡಂಗೆ ನಿನ್ ಮೇಲೆ ಯಾಕೋ ಸಿಟ್ಟು ಕಣೇ ಮಿತ್ರಾ. ಇಲ್ದಿದ್ರೆ ಇಷ್ಟುದ್ದ ಬೈದು ಬರೀತಾರಾ? ತಿದ್ದಿ ಕೊಟ್ರೂ ಅಷ್ಟೇ, ಬುಡು ಅತ್ಲಾಗೆ.”

ಸಂಘಮಿತ್ರ ಕಣ್ಣೊರೆಸಿಕೊಂಡು ತಲೆ ಆಡಿಸಿದಳು. ಕಾಗದ ತನ್ನ ಹತ್ತಿರವೇ ಇರಲಿ, ಇನ್ನೊಮ್ಮೆ ನಿಧಾನವಾಗಿ ಓದಿ ಕೊಡುತ್ತೇನೆ ಎಂದು ಶಿಲ್ಪಶ್ರೀ ಹೇಳಿದಾಗ ಅದಕ್ಕೂ ತಲೆ ಆಡಿಸಿದಳು.

ಮನೆಯಲ್ಲಿ ಶಿಲ್ಪಶ್ರೀ ಆ ಕಾಗದವನ್ನು ಬಾಯಿಪಾಠ ಆಗುವಷ್ಟು ಸಲ ಓದಿದಳು. ಓದುವಾಗಲೆಲ್ಲ ‘ಸಂಘಮಿತ್ರಾ’ ಇದ್ದಲ್ಲಿ ‘ಶಿಲ್ಪಶ್ರೀ’ ಅಂತ ಓದಿಕೊಂಡಳು, ನಾಚಿಕೆಯೂ ಆಗಲಿಲ್ಲ. ಮರುದಿನ ಕಾಲೇಜು ಗೇಟಿನ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದಳು. ನೀಲಿ ಶಾಯಿ ನೀಲಿಯಾಗಿಯೇ ಬರಲೆಂದು ಕಲರ್ ಪ್ರಿಂಟೇ ಬೇಕೆಂದಳು. ಹಿಂದಿರುಗಿಸುವ ಹೊತ್ತಿಗೆ ಅವಳೊಳಗಿನ ಕೋತಿ ಇನ್ನೊಂದು ಕೊಂಬೆಗೆ ಹಾರಿತು. ಮೊದಲ ಎರಡು ಹಾಳೆ ಅಸಲಿಯನ್ನೇ ಇಟ್ಟು, ಸಹಿ ಇದ್ದ ಕೊನೆಯ ಹಾಳೆಯನ್ನು ಮಾತ್ರ ತಾನು ಉಳಿಸಿಕೊಂಡಳು. ಅದರ ಜಾಗಕ್ಕೆ ಪ್ರಿಂಟು ಸೇರಿಸಿ, ಮೊದಲಿದ್ದ ಮಡಿಕೆಯಂತೆಯೇ ಮಡಿಚಿ, ಗುರುವಾರ ಕೊಟ್ಟಳು. ಯಾರಿಗೆ ಗೊತ್ತಾಗುತ್ತೆ? ನೋಡಲು ಎರಡೂ ಒಂದೇ. ಸಂಘಮಿತ್ರ ಬಿಚ್ಚಿ ನೋಡಿ ಬ್ಯಾಗಿಗೆ ಹಾಕಿಕೊಂಡಳು.

ಇಷ್ಟಕ್ಕೇ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಕದ್ದ ಕಾಗದ ಎಷ್ಟು ಓದಿದರೂ ಇನ್ನೊಬ್ಬರ ಹೆಸರಿನದೇ. ತನ್ನ ಹೆಸರಿನ ಕಾಗದ ಬರಬೇಕು ಅನ್ನುವುದು ಶಿಲ್ಪಶ್ರೀಗೆ ಹಟವಾಯಿತು. ಅವಳ ಲೆಕ್ಕ ಸರಳವಾಗಿತ್ತು: ಮಿತ್ರಾ ಆಧಾರವಿಲ್ಲದೆ ಬರೆದಳು, ಕಾಗದ ಬಂತು, ನಾನೂ ಆಧಾರವಿಲ್ಲದೆ ಬರೆದರೆ ನನಗೂ ಬರುತ್ತದೆ. ಒಂದರ ಹಿಂದೆ ಇನ್ನೊಂದು ಬಂದಮಾತ್ರಕ್ಕೆ ಅದರಿಂದಲೇ ಬಂತು ಎಂದಾಗುವುದಿಲ್ಲ ಎಂಬ ಸಾಲನ್ನು ಬಾಯಿಪಾಠ ಮಾಡಿದ ಹುಡುಗಿಯೇ ಇವಳು. ಬಾಯಿಪಾಠದ ಹಣೆಬರಹವೇ ಅಷ್ಟು.

ಎರಡನೆಯ ಪ್ರಬಂಧದ ವಿಷಯ ‘ಅಂಕಗಳು ವಿದ್ಯಾರ್ಥಿಯನ್ನು ಅಳೆಯಬಲ್ಲವೇ?’ ಕೆಟ್ಟದಾಗಿ ಬರೆಯಲು ಕೂತರೆ ಕೈಯೇ ಓಡಲಿಲ್ಲ. ಈಜು ಬಲ್ಲವರಿಗೆ ಮುಳುಗುವುದು ಕಷ್ಟ ನೋಡಿ. ಕೊನೆಗೆ ಉಪಾಯ ಹೊಳೆಯಿತು. ಮೊದಲು ಎಂದಿನಂತೆ ಅಂಕಿಅಂಶ, ಉದಾಹರಣೆ ಎಲ್ಲ ಹಾಕಿ ಬರೆದಳು. ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದೇ ಆಧಾರವನ್ನು ಆರಿಸಿ ತೆಗೆದಳು. ತೆಗೆದ ಜಾಗದಲ್ಲಿ ‘ನನ್ನ ಪ್ರಕಾರ’ ತುಂಬಿದಳು. ಒಂದು ಕಡೆ ಸಿಟ್ಟು ಉಕ್ಕಿ, ಯೋಚನೆ ಮಾಡದೆಯೇ ಹೊಸ ಸಾಲೊಂದು ಬಿತ್ತು: ‘ಕೆಲವು ಅಧ್ಯಾಪಕರು ಪಕ್ಷಪಾತಿಗಳು.’ ಶುದ್ಧಪ್ರತಿ ಮಾಡಿ ಒಪ್ಪಿಸಿದಳು. ಹದಿನೆಂಟು ಹೋದರೆ ಹೋಗಲಿ, ಕಾಗದ ಬಂದರೆ ಸಾಕು ಎಂದು ಮನೆಯ ಶಿವಲಿಂಗಕ್ಕೆ ಒಂದು ಬಿಲ್ವಪತ್ರೆ ಹೆಚ್ಚಾಗಿಯೇ ಏರಿಸಿದಳು.

ಪ್ರಬಂಧಗಳು ಹಿಂದಿರುಗಿ ಬಂದ ದಿನ ಅವಳು ತನ್ನದನ್ನು ಅಲುಗಿಸಿ ನೋಡಿದಳು. ಒಳಗಿನಿಂದ ಏನೂ ಬೀಳಲಿಲ್ಲ. ಏಳು ಅಂಕ. ಒಂದು ಸಾಲಿನ ಕೆಳಗೆ ಗೆರೆ ಎಳೆದು ಮೇಡಂ ಬರೆದಿದ್ದರು: ‘ಬಂದು ನೋಡು.’ ಗೆರೆ ಎಳೆದ ಸಾಲು ಓದಿದ ಮೇಲೆ ಶಿಲ್ಪಶ್ರೀಯ ಕಿವಿ ಬಿಸಿಯಾಯಿತು. ‘ಮೇಲಿನ ಉದಾಹರಣೆಗಳಿಂದ ತಿಳಿದುಬರುವಂತೆ’ ಎಂದು ಶುರುವಾಗುವ ಸಾಲು. ಮೇಲೆ ಉದಾಹರಣೆಗಳೇ ಇರಲಿಲ್ಲ. ಆರಿಸಿ ತೆಗೆಯುವಾಗ ಈ ಸಾಲು ಕಣ್ಣಿಗೆ ಬಿದ್ದಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು. ಬೈಯಲಿಲ್ಲ, ಕೂರಲು ಹೇಳಿದರು. ಆಧಾರ ಹುಡುಕಲು ಬಾರದವರ ಬರಹ ಹೇಗಿರುತ್ತದೆ ಎಂದು ತಮಗೆ ಗೊತ್ತೆಂದರು. ಅಂಥವರ ಪ್ರಬಂಧದಲ್ಲಿ ಆಧಾರಕ್ಕೆ ಜಾಗವೇ ಇರುವುದಿಲ್ಲ. ಇವಳದರಲ್ಲಿ ಜಾಗವೆಲ್ಲ ಹಾಗೇ ಇದೆ, ಪಟ ತೆಗೆದ ಗೋಡೆಯಲ್ಲಿ ಮೊಳೆ ಉಳಿದಂತೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರು. ಶಿಲ್ಪಶ್ರೀಯ ಬಾಯಿಂದ ಬಂದದ್ದು ಉತ್ತರವಲ್ಲ, ದೂರು.

“ಸಂಘಮಿತ್ರಂಗೆ ಮೂರು ಹಾಳೆ ಬರೆದ್ರಿ ಮೇಡಂ. ನಂಗೆ ಬರೀ ಚೆನ್ನಾಗಿದೆ ಅಂತ ಬರೆದ್ರಿ.”

ಮೇಡಂ ನಗಲಿಲ್ಲ. ಮೊದಲ ಪ್ರಬಂಧದಲ್ಲಿ ಎಲ್ಲವೂ ಸರಿಯಾಗಿತ್ತು, ಅಂಕ ಕೊಡುವ ಕ್ರಮದಲ್ಲಿ ಏನೇನು ಕೇಳಿದೆಯೋ ಎಲ್ಲ ಇತ್ತು, ಅದಕ್ಕೇ ಹದಿನೆಂಟು ಕೊಟ್ಟೆ ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ನಿಮ್ಮ ತಂದೆಯ ಅಂಗಡಿಗೆ ಆ ಮೊಬೈಲ್ ಹಣ ಬಂದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ? ಶಿಲ್ಪಶ್ರೀ ಎರಡೂ ಇದೆ ಎಂದು ಶುರು ಮಾಡಿ, ಅಲ್ಲೇ ನಿಂತಳು. ಹಾಗೆ ಯೋಚಿಸಿಯೇ ಇರಲಿಲ್ಲ.

“ನೋಡಮ್ಮ,” ಎಂದರು ಮೇಡಂ. “ಆಧಾರ ಇರೋದು ಒಂದು ಮಾತನ್ನ ಹೊರೋದಕ್ಕೆ. ಅವಳ ಹತ್ರ ಮಾತಿತ್ತು, ಆಧಾರ ಇರಲಿಲ್ಲ. ನಿನ್ನ ಹತ್ರ ಬೇಕಾದಷ್ಟು ಆಧಾರ, ಮಾತೇ ಇಲ್ಲ. ನಾನು ಯಾರಿಗೆ ಅಂತ ಕಾಗದ ಬರೀಲಿ ಹೇಳು?”

ಮೇಡಂ ಇನ್ನೂ ಒಂದು ಸಾಲು ತೋರಿಸಿದರು, ‘ಕೆಲವು ಅಧ್ಯಾಪಕರು ಪಕ್ಷಪಾತಿಗಳು.’ ಎರಡು ಪ್ರಬಂಧಗಳಲ್ಲಿ ಇದೊಂದೇ ನೀನು ನಿಜವಾಗಿ ನಂಬಿ ಬರೆದದ್ದು ಎಂದು ಕಾಣುತ್ತದೆ, ಹಾಗಿದ್ದರೆ ಇದಕ್ಕೆ ಆಧಾರ ಕೊಟ್ಟು ಬರೆದುಕೊಂಡು ಬಾ, ನನ್ನ ಮೇಲೇ ಆದರೂ ಚಿಂತೆಯಿಲ್ಲ, ಓದುತ್ತೇನೆ ಎಂದರು. ಹೊರಡುವಾಗ ಸುಮ್ಮನೆ ಮಾತಿಗೆಂಬಂತೆ ಹೇಳಿದರು, ಸಂಘಮಿತ್ರ ಹೋದ ತಿಂಗಳೇ ಶನಿವಾರದೊಳಗೆ ತಿದ್ದಿ ತಂದುಕೊಟ್ಟಳು, ಹದಿನಾರು ಹಾಕಿದೆ ಎಂದು.

ಶಿಲ್ಪಶ್ರೀಗೆ ಮೆಟ್ಟಿಲು ಇಳಿದದ್ದೇ ತಿಳಿಯಲಿಲ್ಲ. ತಿದ್ದಬೇಡ ಅಂದಿದ್ದೆನಲ್ಲ! ತಿದ್ದಿದ್ದಾಳೆ, ತನಗೆ ಒಂದು ಮಾತೂ ಹೇಳಿಲ್ಲ. ಒಂಬತ್ತರವಳು ಹದಿನಾರು, ಹದಿನೆಂಟರವಳು ಏಳು. ಹೊಟ್ಟೆಕಿಚ್ಚಿನ ಜೊತೆಗೆ ಮೋಸ ಹೋದ ಸಂಕಟವೂ ಸೇರಿತು. ಮೋಸ ಮಾಡಿದವರಿಗೇ ಈ ಸಂಕಟ ಜಾಸ್ತಿ ಎನ್ನುತ್ತಾರೆ, ಇರಬಹುದು.

ಸಂಘಮಿತ್ರ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಬೋಗಾದಿ ಬಸ್ಸಿಗೆ ಕಾಯುತ್ತಿದ್ದಳು. ಶಿಲ್ಪಶ್ರೀ ಎದುರಿಗೆ ನಿಂತು, ತಿದ್ದಿ ಕೊಟ್ಟಿದ್ದನ್ನು ಯಾಕೆ ಮುಚ್ಚಿಟ್ಟೆ, ಇದೇನಾ ಸ್ನೇಹ ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅನ್ನುವ ಮೊದಲೇ ಇವಳು ಹೆಗಲು ಮುಟ್ಟಿಕೊಂಡಿದ್ದಳು. ಸಂಘಮಿತ್ರ ಬ್ಯಾಗು ಸರಿಸಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಶಿಲ್ಪಶ್ರೀ ಕೂರಲಿಲ್ಲ.

“ನಿಂಗೆ ನನ್ ಮೇಲೆ ಹೊಟ್ಟೆಕಿಚ್ಚು ಕಣೇ,” ಎಂದಳು ಸಂಘಮಿತ್ರ. ದನಿಯಲ್ಲಿ ಸಿಟ್ಟಿರಲಿಲ್ಲ.

“ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ನಾನೇ ನೋಡಿದ್ದು ಹೇಳ್ತೀನಿ, ತಪ್ಪಿದ್ರೆ ಹೇಳು.”

ಅವಳು ಬ್ಯಾಗಿನಿಂದ ಮೂರು ಹಾಳೆ ತೆಗೆದು ತೊಡೆಯ ಮೇಲೆ ಬೋರಲು ಹಾಕಿದಳು. ಮೊದಲ ಎರಡರ ಬೆನ್ನಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಯ ಅಚ್ಚು. ಮೂರನೆಯದರ ಬೆನ್ನು ಬೆಳ್ಳಗೆ ಖಾಲಿ. ಶಿಲ್ಪಶ್ರೀ ಕಾಗದದ ಮುಂಬದಿಯನ್ನು ಎಷ್ಟೋ ಸಲ ಓದಿದ್ದಳು, ಒಮ್ಮೆಯೂ ಹಿಂದೆ ತಿರುಗಿಸಿ ನೋಡಿರಲಿಲ್ಲ.

ಸಂಘಮಿತ್ರ ಒಂದೊಂದಾಗಿ ಹೇಳುತ್ತ ಹೋದಳು. ಹಾಳೆ ಬದಲಾದದ್ದು ಕೊಟ್ಟ ದಿನವೇ ಗೊತ್ತಾಯಿತು, ಆದರೆ ಅಷ್ಟರಿಂದಲೇ ಏನನ್ನೂ ತೀರ್ಮಾನಿಸಲಿಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಅದಲುಬದಲು ಆಗಿರಬಹುದು ಅಂದುಕೊಂಡೆ ಎಂದಳು. ಆಮೇಲೆ ಮೇಡಂಗೆ ಸಿಟ್ಟು ಎಂಬ ಮಾತನ್ನು ಯೋಚಿಸಿದಳಂತೆ. ಸಿಟ್ಟಾದವರು ಸ್ಟಾಫ್ ರೂಮಿಗೆ ಬಾ, ಇರುತ್ತೇನೆ ಅಂತ ಯಾಕೆ ಬರೆಯುತ್ತಾರೆ? ಆ ಸಾಲು ಇದ್ದದ್ದು ಕೊನೆಯ ಹಾಳೆಯಲ್ಲೇ. ಅದಕ್ಕೇ ಧೈರ್ಯ ಮಾಡಿ ಹೋದಳು. ಮೇಡಂ ಅವಳಿಗೆ ಕಾಫಿ ತರಿಸಿಕೊಟ್ಟು ಬಾವಿಯ ವಿಷಯ ಮಾತಾಡಿದರು. ತಾತನನ್ನು ಕೇಳಿದರೆ ಬಾವಿ ಬಡಾವಣೆಗೆ ಮುಂಚೆಯೇ ಬತ್ತಿತ್ತೆಂದ. ಆ ಸಾಲನ್ನು ಹೊಡೆದುಹಾಕಬೇಕಾಯಿತು. ಆದರೆ ದನ ಮೇಯುತ್ತಿದ್ದ ಜಾಗ ಹೋದದ್ದು ನಿಜ, ಅದಕ್ಕೆ ಊರಿನ ಬೇರೆ ಬೇರೆ ಮನೆಯವರು ಸಾಕ್ಷಿ ಹೇಳಿದರು. ಜಮೀನು ಮಾರಿದವರ ಮಾತನ್ನೂ ಬರೆದಳು.

“ಈ ಸಲ ನಿನ್ ಪೇಪರ್ ನೋಡ್ದೆ,” ಎಂದು ಮುಂದುವರಿಸಿದಳು. “ತುಂಬ ನನ್ನ ಪ್ರಕಾರ, ನನ್ನ ಪ್ರಕಾರ. ನೀನು ಯಾವತ್ತೂ ಅಂಗೆ ಬರೆಯೋಳಲ್ಲ, ಅದು ನಾನು ಬರೆಯೋದು. ಬೇರೆ ಕಾರಣ ಏನಾದ್ರೂ ಇರ್ಬೋದಾ ಅಂತ ತುಂಬಾ ಯೋಚ್ನೆ ಮಾಡ್ದೆ ಕಣೇ ಶಿಲ್ಪಾ. ನನ್ ಮೇಲೆ ಕಾಳಜಿಗೆ ತಿದ್ಬೇಡ ಅಂದಿದ್ರೆ, ಬೈಗುಳದ ಕಾಗದನ ನಿನ್ ಹತ್ರ ಯಾಕೆ ಇಟ್ಕೊಳ್ತಿದ್ದೆ? ಅದೊಂದಕ್ಕೆ ಉತ್ತರ ಸಿಗ್ಲಿಲ್ಲ. ನಿನ್ ಹತ್ರ ಇದ್ರೆ ಹೇಳು, ನಾನು ತಿದ್ಕೊತೀನಿ.”

ಶಿಲ್ಪಶ್ರೀ ತೂತು ಹುಡುಕಿದಳು. ಹುಡುಕುವುದರಲ್ಲಿ ಅವಳು ಪಳಗಿದವಳು. ಕಂಡದ್ದನ್ನು ಕಂಡದ್ದೆಂದೇ ಹೇಳಿದ್ದಾಳೆ, ಊಹೆಯನ್ನು ಊಹೆ ಎಂದಿದ್ದಾಳೆ. ಎದುರುಪಕ್ಷದವಳನ್ನು ಎದುರಿಗೇ ನಿಲ್ಲಿಸಿ, ಅವಳಿಗೂ ಮಾತಾಡಲು ಜಾಗ ಬಿಟ್ಟಿದ್ದಾಳೆ. ಒಂದು ತೂತೂ ಸಿಗಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದಳು, ಅದಕ್ಕೆ ಆಧಾರ ಎಲ್ಲಿಂದ ತರುವುದೆಂದು ತಿಳಿಯದೆ ಮುಚ್ಚಿದಳು. ಕೊನೆಗೆ ಫೈಲಿನ ಒಳಜೇಬಿನಿಂದ ನೀಲಿ ಸಹಿಯ ಹಾಳೆ ತೆಗೆದು ಬೆಂಚಿನ ಮೇಲಿಟ್ಟಳು. ಅದನ್ನು ಕೈಬಿಡುವಾಗ ನಿಜವಾಗಿಯೂ ಸಂಕಟವಾಯಿತು.

ಸಂಘಮಿತ್ರ ಅಸಲಿಯನ್ನು ಒಳಗೆ ಸೇರಿಸಿ, ಬೆನ್ನು ಖಾಲಿ ಇದ್ದ ಹಾಳೆಯನ್ನು ಶಿಲ್ಪಶ್ರೀಗೆ ಕೊಟ್ಟಳು. ನೀನೇ ಮಾಡಿಸಿದ್ದು, ಇಟ್ಟುಕೋ ಎಂದಳು.

“ಇಪ್ಪತ್ತಕ್ಕೆ ಎಷ್ಟು ಕೊಡ್ತೀಯ ನಂಗೆ?”

“ಇಪ್ಪತ್ತು,” ಎಂದಳು ಶಿಲ್ಪಶ್ರೀ, ಅವಳ ಪಕ್ಕದಲ್ಲಿ ಕೂರುತ್ತ. ಒಂದನೇ ತರಗತಿಯಿಂದ ಈವರೆಗೆ ಯಾರೂ ಅವಳನ್ನು ಇಷ್ಟು ಗಮನ ಕೊಟ್ಟು ಓದಿರಲಿಲ್ಲ.

ಬೋಗಾದಿ ಬಸ್ಸು ಬಂತು. ಸಂಘಮಿತ್ರ ಹತ್ತಿ ಕಿಟಕಿಯಿಂದ ಕೈಬೀಸಿದಳು. ಶಿಲ್ಪಶ್ರೀಯೂ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮಿತ್ರಾ ಕೊಟ್ಟ ಹಾಳೆಯ ಖಾಲಿ ಬೆನ್ನನ್ನು ಮೇಲೆ ಮಾಡಿ ಫೈಲಿನ ಮೇಲಿಟ್ಟುಕೊಂಡು, ‘ಕೆಲವು ಅಧ್ಯಾಪಕರು ಪಕ್ಷಪಾತಿಗಳು’ ಎಂದು ಬರೆದು, ಆಧಾರಕ್ಕಾಗಿ ಯೋಚಿಸಿದಳು. ಒಂದೂ ಹೊಳೆಯದೆ ಅದನ್ನು ಹೊಡೆದುಹಾಕಿದಳು. ಅದರ ಕೆಳಗೆ ‘ನನಗೆ ಹೊಟ್ಟೆಕಿಚ್ಚು’ ಎಂದು ಬರೆದಳು. ಇದಕ್ಕಾದರೆ ಆಧಾರಗಳು ಒಂದರ ಹಿಂದೊಂದು ಹೊಳೆದವು. ಆದರೆ ಅವನ್ನೆಲ್ಲ ಮಿತ್ರಾ ಆಗಲೇ ಹೇಳಿಬಿಟ್ಟಿದ್ದಳು, ಅದೂ ತನಗಿಂತ ಚೆನ್ನಾಗಿ. ಅದಕ್ಕೂ ಅವಳ ಹೊಟ್ಟೆ ಉರಿಯಿತು.